ಹತ್ತು ಅಡಿ ಸ್ಟಾಲ್, ಐದು ಸೆಕೆಂಡು: ಮೇಳದಲ್ಲಿ ನಡೆದು ಹೋಗುವವರಿಗೆ ನಿಮ್ಮ ಪರಿಚಯ ಹೇಳುವುದು ಹೇಗೆ

ಶಿವಮೊಗ್ಗದ ನವುಲೆಯಲ್ಲಿ ನಡೆಯುವ ಕೃಷಿ ಮೇಳದಲ್ಲಿ ನಾವು ಮೊದಲ ಸಲ ಸ್ಟಾಲ್ ಹಾಕಿದ ದಿನ, ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದವರೆಗೆ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡವರು ಇಬ್ಬರೇ. ಒಬ್ಬರು ನನ್ನ ಸೋದರಮಾವ. ಇನ್ನೊಬ್ಬರು ಪಕ್ಕದ ಸ್ಟಾಲಿನವರು. ಅವರಿಗೆ ಎದ್ದು ಹೋಗೋಕೆ ಬೇರೆ ಜಾಗ ಇರಲಿಲ್ಲ.

ನಮ್ಮದು ಮೂರು ಜನರ ತಂಡ. ನಾನು, ಭಾವ, ಚಿಕ್ಕಪ್ಪನ ಮಗ. ಅಡಿಕೆ ತೋಟಗಳಿಗೆ ಹೋಗಿ, ಮರ ಹತ್ತದೆ, ತುದಿಗೆ ಕತ್ತಿ ಇರುವ ಉದ್ದನೆಯ ಕಾರ್ಬನ್ ಫೈಬರ್ ದೋಟಿಯಲ್ಲಿ ಕೊನೆ, ಅಂದರೆ ಅಡಿಕೆ ಗೊನೆ, ತೆಗೆದು ಕೊಡುತ್ತೇವೆ. ಮಳೆಗಾಲ ಶುರುವಾಗುವ ಮೊದಲು ಅದೇ ದೋಟಿಯಲ್ಲಿ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯುತ್ತೇವೆ. ಮರ ಹತ್ತಿ ಕೊನೆ ತೆಗೆಯುವ ಕೊನೆಗೌಡರು ಸಿಗುವುದು ಈಗ ಎಷ್ಟು ಕಷ್ಟ ಅಂತ ತೋಟ ಇದ್ದವರಿಗೆ ನಾನು ಹೇಳಬೇಕಾಗಿಲ್ಲ. ಅಂದರೆ ಕೆಲಸ ಬೇಕಾದವರು ನಮ್ಮ ಸ್ಟಾಲಿನ ಮುಂದೆಯೇ ಸಾಲುಸಾಲಾಗಿ ಹೋಗುತ್ತಿದ್ದರು. ನಿಲ್ಲುತ್ತಿರಲಿಲ್ಲ, ಅಷ್ಟೇ. ತಪ್ಪು ನನ್ನ ಮಾತಿನಲ್ಲಿತ್ತು.

ಆ ಮಾತನ್ನು ಮೂರು ದಿನದಲ್ಲಿ ಹೇಗೆ ತಿದ್ದಿಕೊಂಡೆವು ಅನ್ನುವುದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನೀವು ಜೇನು ಮಾರಿ, ಹಾಳೆ ತಟ್ಟೆ ಮಾರಿ, ಅಪ್ಪೆಮಿಡಿ ಉಪ್ಪಿನಕಾಯಿ ಮಾರಿ, ನಮ್ಮ ದೋಟಿಯ ಜಾಗದಲ್ಲಿ ನಿಮ್ಮದನ್ನು ಇಟ್ಟು ಓದಿಕೊಳ್ಳಿ.

ಮೊದಲು ಸಮಯ ಅಳೆಯಿರಿ

ಮೇಳದಲ್ಲಿ ಸಾಮಾನ್ಯವಾಗಿ ಕೊಡುವುದು ಹತ್ತು ಅಡಿಗೆ ಹತ್ತು ಅಡಿ ಜಾಗ. ಗದ್ದಲದಲ್ಲಿ ಜನ ನಿಧಾನವಾಗಿಯೇ ನಡೆಯುತ್ತಾರೆ, ಸೆಕೆಂಡಿಗೆ ಎರಡು ಅಡಿ, ಹೆಚ್ಚೆಂದರೆ ಮೂರು. ಹಾಗಾದರೆ ಒಬ್ಬರು ನಿಮ್ಮ ಸ್ಟಾಲಿನ ಮುಂದೆ ಇರುವುದು ನಾಲ್ಕೈದು ಸೆಕೆಂಡು. ಅದರಲ್ಲೂ ಮೊದಲ ಒಂದು ಸೆಕೆಂಡು ಅವರ ಕಣ್ಣು ಹಿಂದಿನ ಸ್ಟಾಲಿನಲ್ಲೇ ಇರುತ್ತದೆ. ಕೊನೆಯ ಒಂದು ಸೆಕೆಂಡು ಮುಂದಿನದಕ್ಕೆ ಹೋಗಿರುತ್ತದೆ. ನಿಮಗೆ ಉಳಿಯುವುದು ಮೂರು ಸೆಕೆಂಡು.

ಮೂರು ಸೆಕೆಂಡಿನಲ್ಲಿ ಎಷ್ಟು ಕನ್ನಡ ಹಿಡಿಸುತ್ತದೆ? ಇದನ್ನು ಪದ ಎಣಿಸಿ ನೋಡಿದರೆ ಲೆಕ್ಕ ತಪ್ಪುತ್ತದೆ. ನಮ್ಮಲ್ಲಿ ‘ಬೆಳೆಗಾರರಿಗೆ’ ಅನ್ನುವುದೂ ಒಂದು ಪದ, ‘ಮರ’ ಅನ್ನುವುದೂ ಒಂದು ಪದ. ಅಕ್ಷರ ಎಣಿಸಿ. ಧ್ವನಿವರ್ಧಕದ ಗಲಾಟೆಯ ನಡುವೆ, ಎದುರಿನವರಿಗೆ ತಿಳಿಯುವ ಹಾಗೆ ಹೇಳುವಾಗ ನನಗೆ ಸೆಕೆಂಡಿಗೆ ಐದು ಅಕ್ಷರ ಆಗುತ್ತದೆ. ನಿಮಗೆ ಎಷ್ಟು ಅಂತ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನೋಡಿಕೊಳ್ಳಿ. ಮನೆಯ ಜಗಲಿಯಲ್ಲಿ ಕೂತು ಅಳೆದರೆ ಜಾಸ್ತಿ ಬರುತ್ತದೆ, ಅದನ್ನು ನಂಬಬೇಡಿ. ಅಂತೂ ಮೊದಲ ಮಾತಿಗೆ ಸಿಗುವುದು ಸುಮಾರು ಹದಿನೈದು ಅಕ್ಷರ.

ಈಗ ಮೊದಲ ದಿನ ನಾನು ಹೇಳುತ್ತಿದ್ದದ್ದನ್ನು ನೋಡಿ:

“ನಮಸ್ಕಾರ ಸರ್, ನಾವು ತೀರ್ಥಹಳ್ಳಿ ತಾಲೂಕಿನ ಯುವ ರೈತರ ತಂಡ, ಆಧುನಿಕ ತಂತ್ರಜ್ಞಾನ ಬಳಸಿ ಅಡಿಕೆ ಬೆಳೆಗಾರರಿಗೆ ಸಂಪೂರ್ಣ ಸೇವೆ ಒದಗಿಸುತ್ತೇವೆ.”

ಐವತ್ತು ಅಕ್ಷರ ದಾಟುತ್ತದೆ. ಹತ್ತು ಸೆಕೆಂಡು. ನಾನು ‘ತಂತ್ರಜ್ಞಾನ’ ಅನ್ನುವಷ್ಟರಲ್ಲಿ ಅವರು ಎರಡು ಸ್ಟಾಲ್ ಆಚೆ ಕಬ್ಬಿನಹಾಲು ಕುಡಿಯುತ್ತಿರುತ್ತಿದ್ದರು. ಉದ್ದ ಒಂದು ಕಡೆ ಇರಲಿ. ಇದನ್ನು ಪೂರ್ತಿ ಕೇಳಿದವರಿಗೂ ನಾವು ಏನು ಮಾಡುತ್ತೇವೆ ಅಂತ ಗೊತ್ತಾಗುವುದಿಲ್ಲ. ‘ಸಂಪೂರ್ಣ ಸೇವೆ’ ಅಂದರೆ ಗೊಬ್ಬರ ಮಾರುವವರೂ ಆಗಬಹುದು, ಸಾಲ ಕೊಡಿಸುವವರೂ ಆಗಬಹುದು. ನನ್ನ ಸೋದರಮಾವನೇ ಕೊನೆಗೆ, “ಮತ್ತೆ, ನೀವಿಲ್ಲಿ ಎಂತ ಮಾರ್ತಾ ಇದ್ದೀರಾ?” ಅಂತ ಕೇಳಿದ್ದು.

ಅವರ ಬಾಯಲ್ಲಿ ಇರುವ ಮಾತನ್ನೇ ಹುಡುಕಿ

ಅವತ್ತು ಊಟ ಆದಮೇಲೆ ಭಾವ ಒಂದು ಒಳ್ಳೆಯ ಕೆಲಸ ಮಾಡಿದ. ಸ್ಟಾಲ್ ನನಗೆ ಬಿಟ್ಟು, ಅಡಿಕೆ ಸುಲಿಯುವ ಯಂತ್ರಗಳು ಇದ್ದ ಕಡೆ ಹೋಗಿ ನಿಂತ. ಅಲ್ಲಿ ತೋಟದವರು ತಮ್ಮತಮ್ಮಲ್ಲಿ ಮಾತಾಡುವುದನ್ನು ಸುಮ್ನೆ ಕೇಳಿಸಿಕೊಂಡು ಬಂದ. ಯಾರೂ ‘ಕೊಯ್ಲು’ ಅನ್ನಲಿಲ್ಲವಂತೆ, ‘ಕಾರ್ಮಿಕರ ಕೊರತೆ’ ಅಂತಲೂ ಅನ್ನಲಿಲ್ಲವಂತೆ. ಮತ್ತೆ ಮತ್ತೆ ಕೇಳಿದ ಮಾತು ಇದು: “ಕೊನೆ ತೆಗೆಯೋಕೆ ಜನ ಸಿಕ್ರಾ ನಿಮ್ಗೆ?”

ನಮಗೆ ಬೇಕಾಗಿದ್ದ ಮೊದಲ ವಾಕ್ಯ ಅದೇ. ನಾವು ಅದನ್ನು ಬರೆಯಲಿಲ್ಲ, ಎತ್ತಿಕೊಂಡೆವು. ನವೆಂಬರ್ ಹೊತ್ತಿಗೆ ತೋಟದವರು ಎದುರಾದಾಗ ಒಬ್ಬರನ್ನೊಬ್ಬರು ಕೇಳುವುದೇ ಈ ಪ್ರಶ್ನೆ. ಅದನ್ನೇ ಸ್ಟಾಲಿನವನೊಬ್ಬ ಕೇಳಿದರೆ, ಉತ್ತರ ಯೋಚಿಸುವ ಮೊದಲೇ ಬಾಯಿಗೆ ಬಂದಿರುತ್ತದೆ.

“ಈ ಸಲ ಕೊನೆ ತೆಗೆಯೋಕೆ ಜನ ಸಿಕ್ರಾ?”

ಎಣಿಸಿ, ಹದಿಮೂರು ಅಕ್ಷರ. ನಮಸ್ಕಾರ ಇಲ್ಲ, ನಮ್ಮ ಹೆಸರಿಲ್ಲ, ಊರಿಲ್ಲ. ಪರಿಚಯ ಅಂದಮೇಲೆ ಹೆಸರು ಮೊದಲು ಬರಬೇಕಲ್ವಾ ಅಂತ ಚಿಕ್ಕಪ್ಪನ ಮಗ ವಾದ ಮಾಡಿದ. ಮದುವೆಮನೆಯಲ್ಲಿ ಸರಿ. ಅಲ್ಲಿ ಎದುರಿನವರಿಗೆ ನೀವು ಯಾರು ಅಂತ ತಿಳಿಯುವ ಆಸೆ ಇರುತ್ತದೆ. ಮೇಳದಲ್ಲಿ ನಡೆದು ಹೋಗುವವರಿಗೆ ಆ ಆಸೆ ಇನ್ನೂ ಹುಟ್ಟಿರುವುದಿಲ್ಲ. ಅವರು ನಿಂತ ಮೇಲೆ, “ನೀವು ಯಾವ ಕಡೆಯವರು?” ಅಂತ ತಾವಾಗಿಯೇ ಕೇಳುತ್ತಾರೆ. ಮಲೆನಾಡಿನವರು ಊರು ಕೇಳದೆ ಬಿಟ್ಟ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಈ ಮಾತು ಹುಡುಕುವುದಕ್ಕೆ ಮೇಳದವರೆಗೆ ಕಾಯಬೇಕಾಗಿಲ್ಲ. ಹಿಂದಿನ ವಾರವೇ ನಿಮ್ಮ ಹಳೆಯ ಗಿರಾಕಿಗಳಲ್ಲಿ ನಾಲ್ಕೈದು ಜನಕ್ಕೆ ಫೋನ್ ಮಾಡಿ, “ನಮ್ಮನ್ನು ಮೊದಲ ಸಲ ಕರೆದಿದ್ದು ಯಾಕೆ?” ಅಂತ ಕೇಳಿ. ಅವರು ಹೇಳಿದ್ದನ್ನು ತಿದ್ದದೆ, ಅವರ ಮಾತಿನಲ್ಲೇ ಬರೆದುಕೊಳ್ಳಿ. ತಿದ್ದಿದರೆ ಅದು ಮತ್ತೆ ನಿಮ್ಮ ಬ್ಯಾನರಿನ ಭಾಷೆ ಆಗಿಬಿಡುತ್ತದೆ. ಹೊಗಳಿಕೆ ಬಂದರೆ ಪಕ್ಕಕ್ಕಿಡಿ. “ಕೆಲಸ ಚೆನ್ನಾಗಿತ್ತು” ಅನ್ನುವುದರಿಂದ ಇಲ್ಲಿ ಉಪಯೋಗವಿಲ್ಲ. “ನಮ್ಮ ಕೊನೆಗೌಡ ಮರದಿಂದ ಬಿದ್ದ ಮೇಲೆ ಬರೋದೇ ಬಿಟ್ಟ” ಅನ್ನುವಂಥ ಮಾತು ಉಪಯೋಗಕ್ಕೆ ಬರುತ್ತದೆ.

ಎಂಥ ಪ್ರಶ್ನೆ ಕೇಳಬೇಕು ಅನ್ನುವುದರಲ್ಲೂ ಒಂದು ಸೂಕ್ಷ್ಮ ಇದೆ. “ನಿಮ್ಮದು ಅಡಿಕೆ ತೋಟ ಇದ್ಯಾ?” ಅಂತ ಕೇಳಿದರೆ, ಏನೋ ಮಾರೋಕೆ ಬಂದ ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಹತ್ತು ಎಕರೆ ತೋಟದವರೂ “ಇಲ್ಲ” ಅಂದು ಹೋಗುತ್ತಾರೆ. “ಜನ ಸಿಕ್ರಾ?” ಅಂತ ಕೇಳಿದರೆ “ಸಿಕ್ಕಿದ್ರು” ಅಂದರೂ ಮಾತು ಮುಂದುವರಿಸಬಹುದು, “ಎಲ್ಲಿ ಸಿಕ್ತಾರೆ ಮಾರಾಯ್ರೆ” ಅಂದರೂ ಮುಂದುವರಿಸಬಹುದು. ತೋಟ ಇಲ್ಲದವರು ನಗುತ್ತಾ ಹೋಗುತ್ತಾರೆ. ಅವರನ್ನು ನಿಲ್ಲಿಸಿಕೊಂಡು ನಮಗೂ ಆಗಬೇಕಾದ್ದಿಲ್ಲ.

ಎರಡನೆಯ ವಾಕ್ಯ: ಮಾರುತ್ತೀರೋ, ಮಾಡಿಕೊಡುತ್ತೀರೋ

ಎರಡನೇ ದಿನ ಜನ ನಿಲ್ಲತೊಡಗಿದರು. ನಿಂತವರಿಗೆ ಹೇಳೋಕೆ ನಾವು ಇಟ್ಟುಕೊಂಡಿದ್ದ ವಾಕ್ಯ ಇದು: “ಮರ ಹತ್ತದೆ, ನೆಲದ ಮೇಲೆ ನಿಂತೇ ದೋಟಿಯಲ್ಲಿ ಕೊನೆ ತೆಗೀಬಹುದು.”

ಚೆನ್ನಾಗಿದೆ ಅನ್ನಿಸುತ್ತದೆ, ಅಲ್ವಾ? ನಮಗೂ ಹಾಗೇ ಅನ್ನಿಸಿತ್ತು. ಆದರೆ ನಿಂತವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: “ದೋಟಿ ಎಷ್ಟಕ್ಕೆ ಕೊಡ್ತೀರಿ? ಸಬ್ಸಿಡಿ ಇದ್ಯಾ?” ನಾವು ದೋಟಿ ಮಾರುವವರಲ್ಲ ಅಂತ ಹೇಳಿದ ಕೂಡಲೇ ಅವರ ಮುಖ ಚಿಕ್ಕದಾಗುತ್ತಿತ್ತು. ಏನೋ ಮೋಸ ಆದ ಹಾಗೆ. ಆಮೇಲೆ ನಮ್ಮ ನಿಜವಾದ ಕೆಲಸ ಹೇಳಿದರೂ ಕಿವಿಗೆ ಹೋಗುತ್ತಿರಲಿಲ್ಲ.

ನಿಂತವರು ಕೇಳುವ ಮೊದಲ ಪ್ರಶ್ನೆಯೇ ನಿಮ್ಮ ಮಾತಿನ ಪರೀಕ್ಷೆ. ಅದನ್ನು ಒಂದು ಚೀಟಿಯಲ್ಲಿ ಬರೆಯುತ್ತಾ ಹೋಗಿ. ನಮ್ಮಲ್ಲಿ ಒಬ್ಬ ಮಾತಾಡಿದರೆ ಇನ್ನೊಬ್ಬ ಬರೆಯುತ್ತಿದ್ದ. “ಇದೆಂತ?” ಅಂತ ಕೇಳಿದರೆ ನಿಮ್ಮ ವಾಕ್ಯ ಏನನ್ನೂ ಹೇಳಿಲ್ಲ. “ಎಷ್ಟಕ್ಕೆ ಮಾರ್ತೀರಿ?” ಅಂದರೆ, ಸೇವೆ ಕೊಡುವವರ ಮಟ್ಟಿಗೆ, ತಪ್ಪು ಹೇಳಿದೆ. “ನಮ್ಮ ಕಡೆ ಬರ್ತೀರಾ?” ಅಂತಲೋ, “ಒಂದು ಕೊನೆಗೆ ಎಷ್ಟು?” ಅಂತಲೋ ಕೇಳಿದರೆ ಸರಿಯಾಗಿ ಮುಟ್ಟಿದೆ. ಒಂದೇ ತಪ್ಪು ಪ್ರಶ್ನೆ ಐದಾರು ಜನರಿಂದ ಬಂದರೆ ಅಲ್ಲೇ ನಿಲ್ಲಿಸಿ, ವಾಕ್ಯ ಬದಲಿಸಿ. ಸಂಜೆಯವರೆಗೆ ಕಾಯಬೇಡಿ.

ನಾವು ಬದಲಿಸಿದ್ದು ಹೀಗೆ:

“ನಿಮ್ಮ ತೋಟಕ್ಕೆ ನಾವೇ ಬಂದು, ನೆಲದಲ್ಲಿ ನಿಂತೇ ದೋಟಿಯಲ್ಲಿ ಕೊನೆ ತೆಗೆದು ಕೊಡ್ತೀವಿ.”

ಇಪ್ಪತ್ತೇಳು ಅಕ್ಷರ, ಐದಾರು ಸೆಕೆಂಡು. ಅವರು ಆಗಲೇ ನಿಂತಿರುವುದರಿಂದ ಅಷ್ಟು ಸಮಯ ಸಿಗುತ್ತದೆ. ವ್ಯತ್ಯಾಸ ಮಾಡಿದ್ದು ‘ನಾವೇ ಬಂದು’ ಅನ್ನುವ ಎರಡು ಪದ. ಅವನ್ನು ವಾಕ್ಯದ ಕೊನೆಗೆ ಇಟ್ಟು ಒಂದು ಗಂಟೆ ನೋಡಿದೆವು. ಜನ ‘ದೋಟಿ’ ಅನ್ನುವುದನ್ನು ಕೇಳಿದ ಕೂಡಲೇ ತಲೆಯೊಳಗೆ ದರ ಲೆಕ್ಕ ಹಾಕಲು ಶುರು ಮಾಡುತ್ತಿದ್ದರು. ಮುಂದಕ್ಕೆ ತಂದ ಮೇಲೆ ಆ ಗೊಂದಲ ಬಹುತೇಕ ನಿಂತಿತು. ‘ಕಾರ್ಬನ್ ಫೈಬರ್’ ಅನ್ನುವುದನ್ನು ವಾಕ್ಯದಿಂದಲೇ ತೆಗೆದೆವು. ತೋಟದವರಿಗೆ ದೋಟಿ ಅಂದರೆ ಸಾಕು. ಯಾವುದರಲ್ಲಿ ಮಾಡಿದ್ದು ಅನ್ನುವುದನ್ನು ಕೈಯಲ್ಲಿ ಹಿಡಿದಾಗ ಅವರೇ ಕೇಳುತ್ತಾರೆ.

ಮೂರನೆಯದು: ಚೆಂಡು ಅವರ ಕಡೆಗೆ

ಈಗ ಹೆಸರು, ಊರು ಹೇಳುವ ಸರದಿ. ಅದನ್ನೂ ಚಿಕ್ಕದಾಗಿ ಹೇಳಿ, ತಕ್ಷಣ ಒಂದು ಪ್ರಶ್ನೆ ಕೇಳಿಬಿಡಿ.

“ನಮ್ಮದು ತೀರ್ಥಹಳ್ಳಿ ಕಡೆ, ಮೂರು ಜನರ ತಂಡ. ನಿಮ್ಮದು ಎಷ್ಟು ಮರ?”

ಮೂರೂ ವಾಕ್ಯ ಸೇರಿದರೆ ಅರವತ್ತು ಚಿಲ್ಲರೆ ಅಕ್ಷರ, ಹನ್ನೆರಡು ಹದಿಮೂರು ಸೆಕೆಂಡು. ನನ್ನ ಹಳೆಯ ವಾಕ್ಯಕ್ಕಿಂತ ಸ್ವಲ್ಪ ಜಾಸ್ತಿಯೇ. ಆದರೆ ಇದು ಮೂರು ತುಂಡು. ಒಂದೊಂದು ತುಂಡಿನ ನಡುವೆ ಅವರು ಮಾತಾಡುತ್ತಾರೆ. ಅವರು ಮಾತಾಡದಿದ್ದರೆ ಮುಂದಿನ ತುಂಡು ಹೇಳಬೇಡಿ. ಮೊದಲ ಪ್ರಶ್ನೆಗೆ ಉತ್ತರ ಬರದಿದ್ದರೂ ಎರಡನೆಯದನ್ನು ಬೆನ್ನ ಹಿಂದಿನಿಂದ ಕೂಗಿ ಹೇಳುವವರನ್ನು ಮೇಳದಲ್ಲಿ ಬೇಕಾದಷ್ಟು ನೋಡಿದ್ದೇನೆ. ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವರಿಗೆ ಅದು ನಡೆಯುತ್ತದೆ. ನಮ್ಮನ್ನು ಅವರು ತಮ್ಮ ತೋಟದೊಳಗೆ ಬಿಟ್ಟುಕೊಳ್ಳಬೇಕು. ಅಂಥ ಕೆಲಸಕ್ಕೆ ಹೀಗೆ ಕೂಗಿದರೆ ಆಗದು.

‘ಎಷ್ಟು ಮರ’ ಅನ್ನುವ ಪ್ರಶ್ನೆ ನಮಗೆ ಎರಡು ಥರ ಉಪಯೋಗಕ್ಕೆ ಬಂತು. ಒಂದು, ಅವರು ತಮ್ಮ ತೋಟದ ಬಗ್ಗೆ ಮಾತಾಡಲು ಶುರು ಮಾಡುತ್ತಾರೆ. ಆಮೇಲೆ ನೀವು ಸುಮ್ನೆ ಕೇಳಿಸಿಕೊಂಡರೆ ಸಾಕು. ಇನ್ನೊಂದು, ಅವರ ಜೊತೆ ಎಷ್ಟು ಹೊತ್ತು ಕಳೆಯಬಹುದು ಅನ್ನುವುದು ನಮಗೆ ಗೊತ್ತಾಗುತ್ತದೆ. ಮನೆ ಹಿಂದೆ ಐವತ್ತು ಮರ ಇದ್ದವರಿಗೂ ಗೌರವದಿಂದಲೇ ಉತ್ತರ ಕೊಡಬೇಕು. ಆದರೆ ಐವತ್ತು ಮರಕ್ಕೆ ನಾವು ನಲವತ್ತು ಕಿಲೋಮೀಟರ್ ಗಾಡಿ ಹೊಡೆದುಕೊಂಡು ಹೋಗುವುದು ಇಬ್ಬರಿಗೂ ನಷ್ಟ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿದರೆ ಬರುತ್ತೇವೆ ಅಂತ ಅಲ್ಲೇ ಹೇಳುತ್ತೇವೆ.

ನಾವು ಎದುರು ನೋಡದೇ ಇದ್ದ ಉತ್ತರವೂ ಒಂದು ಬಂತು. ಭದ್ರಾವತಿ, ಚನ್ನಗಿರಿ ಕಡೆಯ ಕೆಲವರು “ಸಿಕ್ರಾ?” ಅಂದರೆ, “ನಮಗ್ಯಾಕೆ, ಚೇಣಿಗೆ ಕೊಟ್ಟಿದ್ದೀವಿ” ಅನ್ನುತ್ತಿದ್ದರು. ಚೇಣಿಗೆ, ಅಂದರೆ ಮರದ ಮೇಲಿನ ಫಸಲನ್ನು ಗುತ್ತಿಗೆಗೆ, ಕೊಟ್ಟ ಮೇಲೆ ಕೊನೆ ತೆಗೆಸುವ ತಲೆಬಿಸಿ ಚೇಣಿದಾರರದ್ದು, ತೋಟದ ಮಾಲೀಕರದ್ದಲ್ಲ. ಮೊದಮೊದಲು ನಾವು ಅಂಥವರನ್ನು ಹಾಗೇ ಕಳಿಸಿಬಿಟ್ಟೆವು. ಆಮೇಲೆ ಭಾವನಿಗೆ ಹೊಳೆಯಿತು. ಒಬ್ಬ ಚೇಣಿದಾರ ಅಂದರೆ ಹತ್ತಾರು ತೋಟ. ಅವತ್ತಿನಿಂದ ಆ ಉತ್ತರ ಬಂದರೆ ನಮ್ಮ ಎರಡನೆಯ ವಾಕ್ಯ ಬೇರೆ: “ಹೌದಾ, ನಿಮ್ಮ ಚೇಣಿಯವರಿಗೆ ಜನ ಸಿಕ್ತಿದ್ದಾರಾ?” ಇದಕ್ಕೆ ಜನ ಎಷ್ಟು ಖುಷಿಯಿಂದ ಉತ್ತರ ಕೊಡುತ್ತಾರೆ ಅಂದರೆ, ಚೇಣಿಯವರ ಮೇಲೆ ಇದ್ದ ಸಿಟ್ಟೆಲ್ಲ ಅಲ್ಲೇ ಹೊರಗೆ ಬರುತ್ತದೆ. ಅದು ಮುಗಿದ ಮೇಲೆ ನಂಬರನ್ನೂ ಕೊಡುತ್ತಾರೆ.

ಎಲ್ಲಿ ನಿಲ್ಲಬೇಕು, ಕೈಯಲ್ಲಿ ಏನಿರಬೇಕು

ಮೇಜಿನ ಹಿಂದೆ ಕುರ್ಚಿ ಹಾಕಿ ಕೂತರೆ ಮೇಲಿನ ಯಾವ ವಾಕ್ಯವೂ ಕೆಲಸ ಮಾಡುವುದಿಲ್ಲ. ಮೇಜನ್ನು ಒಂದು ಪಕ್ಕಕ್ಕೆ ಎಳೆದು, ಜನ ಬರುವ ದಿಕ್ಕಿನ ಮೂಲೆಯಲ್ಲಿ ನಿಲ್ಲಿ. ಆಗ ಅವರು ನಿಮ್ಮ ಸ್ಟಾಲ್ ಮುಟ್ಟುವ ಮೊದಲೇ ಮಾತು ಶುರು ಮಾಡಬಹುದು, ಹತ್ತು ಅಡಿ ಪೂರ್ತಿ ನಿಮಗೆ ಸಿಗುತ್ತದೆ. ದಾರಿಗೆ ಅಡ್ಡ ಮಾತ್ರ ನಿಲ್ಲಬೇಡಿ, ಅರ್ಧ ಹೆಜ್ಜೆ ಒಳಗಿರಲಿ. ಅಡ್ಡ ನಿಂತವರನ್ನು ಜನ ಬಳಸಿಕೊಂಡು ಹೋಗುತ್ತಾರೆ.

ಮೈಕಿನಲ್ಲಿ ಪ್ರಕಟಣೆ ಬರುವಾಗ ಅದರ ಜೊತೆ ಪೈಪೋಟಿ ಬೇಡ. ಸುಮ್ನೆ ನಕ್ಕು, ಕೈಯಲ್ಲಿದ್ದ ವಸ್ತು ತೋರಿಸಿ. ನಮ್ಮ ಕೈಯಲ್ಲಿ ಮಡಚಿದ ದೋಟಿ ಇರುತ್ತಿತ್ತು. ಯಾರಾದರೂ ನಿಂತರೆ, “ಹಿಡಿದು ನೋಡಿ” ಅಂತ ಕೈಗೇ ಕೊಟ್ಟುಬಿಡುತ್ತಿದ್ದೆವು. ಕಬ್ಬಿಣದ ಪೈಪಿನ ಭಾರ ಇರುತ್ತದೆ ಅಂದುಕೊಂಡು ಹಿಡಿದವರ ಕೈ ಒಮ್ಮೆ ಮೇಲಕ್ಕೆ ಹಾರುತ್ತದೆ. ‘ಹಗುರ’ ಅಂತ ನಾನು ಹೇಳಬೇಕಾಗೇ ಇಲ್ಲ. ವಸ್ತು ಕೈಯಲ್ಲಿ ಇದ್ದಷ್ಟು ಹೊತ್ತು ಅವರು ಹೋಗುವುದೂ ಇಲ್ಲ. ಉಪ್ಪಿನಕಾಯಿಯವರಾದರೆ ಚಮಚ, ಹಾಳೆ ತಟ್ಟೆಯವರಾದರೆ ನೀರು ಹಾಕಿದ ತಟ್ಟೆ. ಕರಪತ್ರ ಕೊಡುವುದು ಇದಕ್ಕೆ ಬದಲಿ ಅಲ್ಲ. ಕರಪತ್ರ ಕೈಗೆ ಸಿಕ್ಕಿತೆಂದರೆ ಇಲ್ಲಿಯ ಕೆಲಸ ಮುಗಿಯಿತು ಅಂತ ಅವರ ಕಾಲು ಮುಂದೆ ಹೋಗುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ದೋಟಿಯನ್ನು ಪೂರ್ತಿ ಬಿಚ್ಚಿ ತೋರಿಸಿ ಅಂತ ಮಕ್ಕಳು, ದೊಡ್ಡವರು ಎಲ್ಲರೂ ಕೇಳುತ್ತಾರೆ. ಸ್ಟಾಲಿನಲ್ಲಿ ಅದನ್ನು ಮಾಡಲೇಬೇಡಿ. ಮೇಲೆ ದೀಪದ ವೈರು ಇರುತ್ತದೆ, ಮೈದಾನದ ಮೇಲೆ ಕರೆಂಟಿನ ತಂತಿ ಹಾದು ಹೋಗಿರಬಹುದು. ಕಾರ್ಬನ್ ಫೈಬರ್ ಒಣಗಿದ ಮರದ ಹಾಗಲ್ಲ, ಅದರಲ್ಲಿ ವಿದ್ಯುತ್ ಹರಿಯುತ್ತದೆ.

ಕರೆಯುವುದು ಹೇಗೆ ಅನ್ನುವುದು ಚಿಕ್ಕ ವಿಷಯ, ಆದರೂ ಒಂದು ಮಾತು. ಪಂಚೆ ಉಟ್ಟವರನ್ನೆಲ್ಲ “ಹೆಗ್ಡೇರೇ”, “ಗೌಡ್ರೇ”, “ಭಟ್ರೇ” ಅಂತ ಅಂದಾಜಿನ ಮೇಲೆ ಕರೆಯಲು ಹೋಗಬೇಡಿ. ತಪ್ಪಿದರೆ ಆ ಐದು ಸೆಕೆಂಡು ಅದನ್ನು ತಿದ್ದುವುದಕ್ಕೇ ಹೋಗುತ್ತದೆ. ನಾನು ಒಬ್ಬರ ಹತ್ತಿರ ಹಾಗೆ ಮಾಡಿ, ಅವರ ಇಡೀ ವಂಶಾವಳಿ ಕೇಳಿಸಿಕೊಂಡಿದ್ದೇನೆ. ಹಿರಿಯರಿಗೆ ‘ಯಜಮಾನ್ರೇ’, ಹೆಂಗಸರಿಗೆ ‘ಅಮ್ಮಾ’ ಅಥವಾ ‘ಅಕ್ಕಾ’, ಉಳಿದವರಿಗೆ ‘ಅಣ್ಣಾ’. ಗಂಡ ಹೆಂಡತಿ ಒಟ್ಟಿಗೆ ಬಂದರೆ ಇಬ್ಬರ ಮುಖವನ್ನೂ ನೋಡಿ ಕೇಳಿ. ಕೊನೆಗೌಡನಿಗೆ ಫೋನ್ ಮಾಡಿ ಮಾಡಿ ಸುಸ್ತಾದವರು ಎಷ್ಟೋ ಮನೆಯಲ್ಲಿ ಹೆಂಗಸರೇ.

ಹೇಳಬಾರದ ಮಾತು

ಮೂರು ಸೆಕೆಂಡಿನ ಆಸೆಗೆ ಬಿದ್ದು ದೊಡ್ಡ ಮಾತು ಹೇಳುವ ಚಪಲ ಬರುತ್ತದೆ. “ಯಾರು ಬೇಕಾದ್ರೂ ಮಾಡಬಹುದು”, “ಯಾವ ಅಪಾಯವೂ ಇಲ್ಲ”, “ಒಂದು ಕಾಯಿಯೂ ಹಾಳಾಗಲ್ಲ”. ಚಿಕ್ಕಪ್ಪನ ಮಗ ಎರಡನೇ ದಿನ ಮಧ್ಯಾಹ್ನ “ಯಾವ ಅಪಾಯವೂ ಇಲ್ಲ” ಅನ್ನಲು ಶುರು ಮಾಡಿದ್ದ. ಜನ ನಿಲ್ಲುತ್ತಿದ್ದರು ನಿಜ. ಆದರೆ ಸ್ವಲ್ಪ ಹೊತ್ತಿಗೆ ಒಬ್ಬರು ಹಿರಿಯರು, “ನಮ್ಮ ತೋಟದ ನಡುವೆ ಲೈನ್ ಹೋಗಿದೆ. ಅಲ್ಲಿ ಎಂತ ಮಾಡ್ತೀಯ ತಮ್ಮಾ?” ಅಂತ ಕೇಳಿದರು. ಅವನಿಗೆ ಉತ್ತರ ಬರಲಿಲ್ಲ. ಸುತ್ತ ನಿಂತಿದ್ದ ನಾಲ್ಕು ಜನವೂ ಅವರ ಜೊತೆಯೇ ಹೋದರು.

ಮಿತಿಗಳನ್ನು ಮೂರು ವಾಕ್ಯದೊಳಗೆ ತುರುಕಬೇಕಾಗಿಲ್ಲ, ಅಲ್ಲಿ ಜಾಗವಿಲ್ಲ. ಆದರೆ ಆ ಮೂರು ವಾಕ್ಯದಲ್ಲಿ ಹೇಳಿದ್ದು ಮಿತಿಗಳಿಗೆ ವಿರುದ್ಧ ಇರಬಾರದು. ಕೇಳಿದಾಗ ಉತ್ತರ ತಯಾರಿರಬೇಕು. ನಮ್ಮದು ಹೀಗಿವೆ: ಕರೆಂಟಿನ ತಂತಿಯ ಹತ್ತಿರದ ಮರಗಳನ್ನು ನಾವು ಮುಟ್ಟುವುದಿಲ್ಲ. ಲೈನ್ ಆಫ್ ಮಾಡಿಸಿಕೊಟ್ಟರೆ ಮಾತ್ರ ನೋಡುತ್ತೇವೆ. ಗಾಳಿ ಜೋರಿದ್ದರೆ ಕೆಲಸ ನಿಲ್ಲಿಸುತ್ತೇವೆ, ತುದಿ ನಿಲ್ಲದೆ ಕೊನೆಯ ಬುಡಕ್ಕೆ ಕತ್ತಿ ಸಿಗುವುದಿಲ್ಲ. ನಮ್ಮ ದೋಟಿ ಅರವತ್ತು ಅಡಿ, ಅದಕ್ಕಿಂತ ಎತ್ತರದ ಹಳೆಯ ತೋಟ ನಮಗೆ ಆಗುವುದಿಲ್ಲ. “ಕಾಯಿ ನೆಲಕ್ಕೆ ಬಿದ್ದು ಸಿಡಿಯಲ್ವಾ?” ಅಂತ ಎಲ್ಲರೂ ಕೇಳುತ್ತಾರೆ. ಇಬ್ಬರು ಕೆಳಗೆ ಬಲೆ ಹಿಡಿದಿರುತ್ತಾರೆ, ಆದರೂ ಸ್ವಲ್ಪ ಸಿಡಿಯುತ್ತದೆ, ಹೆಕ್ಕಲು ನಿಮ್ಮ ಕಡೆಯಿಂದ ಒಬ್ಬರು ಬೇಕು ಅನ್ನುತ್ತೇವೆ. ಈ ‘ಆದರೂ ಸ್ವಲ್ಪ ಸಿಡಿಯುತ್ತದೆ’ ಅನ್ನುವುದನ್ನು ಹೇಳಿದ ಮೇಲೆಯೇ ಜನ ನಮ್ಮ ಉಳಿದ ಮಾತನ್ನು ನಂಬಿದರು ಅಂತ ನನಗೆ ಅನ್ನಿಸುತ್ತದೆ.

ದರ ಕೇಳಿದಾಗ “ಅದು ತೋಟ ನೋಡಿ ಹೇಳಬೇಕು” ಅಂತ ನುಣುಚಿಕೊಳ್ಳಬೇಡಿ. ಒಂದು ಕೊನೆಗೆ ಇಷ್ಟು ಅಂತ ಒಂದು ಸಂಖ್ಯೆ ಹೇಳಿ. ಅದು ಯಾವಾಗ ಹೆಚ್ಚಾಗುತ್ತದೆ ಅನ್ನುವುದನ್ನು ಒಂದೇ ಕಾರಣದಲ್ಲಿ ಹೇಳಿ. ನಾವು, “ಗುಡ್ಡದ ಇಳಿಜಾರು ಇದ್ರೆ ಸ್ವಲ್ಪ ಜಾಸ್ತಿ” ಅಂತ ಹೇಳಿ ಸುಮ್ಮನಾಗುತ್ತಿದ್ದೆವು. ಮೇಳದಲ್ಲಿ ಒಂದು ಗಂಟೆಗೆ ಒಂದು ದರ, ಇನ್ನೊಂದು ಗಂಟೆಗೆ ಇನ್ನೊಂದು ಹೇಳಿದರೆ ಊಟದ ಪಂಕ್ತಿಯಲ್ಲಿ ಇಬ್ಬರು ತಾಳೆ ನೋಡಿಕೊಳ್ಳುತ್ತಾರೆ, ಖಂಡಿತ.

ಮಾತು ಮುಗಿಸುವುದು

ಒಬ್ಬರ ಜೊತೆ ಎರಡು ನಿಮಿಷ ದಾಟಿದರೆ ಹಿಂದಿನಿಂದ ಬರುತ್ತಿರುವ ಇಪ್ಪತ್ತು ಜನ ಕೈತಪ್ಪುತ್ತಾರೆ. ಹಾಗಾಗಿ ಮುಗಿಸುವ ವಾಕ್ಯವನ್ನೂ ಬಾಯಿಪಾಠ ಮಾಡಿಕೊಳ್ಳಿ. “ನಿಮ್ಮ ಊರು, ಮರದ ಲೆಕ್ಕ, ಯಾವ ವಾರ ಬೇಕು, ಇಷ್ಟು ಬರೆದುಕೊಳ್ತೀನಿ. ಸೋಮವಾರ ಸಂಜೆ ಫೋನ್ ಮಾಡ್ತೀನಿ.” ದಪ್ಪ ನೋಟ್‌ಬುಕ್ಕಿನಲ್ಲಿ, ಅವರ ಕಣ್ಣೆದುರೇ ಬರೆಯಿರಿ. ಮೊಬೈಲಿನಲ್ಲಿ ಒತ್ತುತ್ತಾ ಕೂತರೆ ನೀವು ಬೇರೆ ಯಾರಿಗೋ ಮೆಸೇಜ್ ಮಾಡುತ್ತಿದ್ದೀರಿ ಅಂತಲೇ ಕಾಣಿಸುತ್ತದೆ. ನಂಬರ್ ಬರೆದ ಮೇಲೆ ಅಲ್ಲೇ ಒಂದು ಮಿಸ್ಡ್ ಕಾಲ್ ಕೊಡಿ. ಗದ್ದಲದಲ್ಲಿ ಆರು, ಏಳು ಅದಲುಬದಲಾಗುವುದು ಮಾಮೂಲು. ಫೋನ್ ಮಾಡುತ್ತೇನೆ ಅಂದ ದಿನವೇ ಮಾಡಿ. ಕೊನೆ ಹಣ್ಣಾಗುವುದು ನಿಮಗಾಗಿ ಕಾಯುವುದಿಲ್ಲ. ಮುಂದಿನ ವಾರಕ್ಕೆ ಅವರು ಬೇರೆಯವರನ್ನು ಗೊತ್ತು ಮಾಡಿಕೊಂಡಿರುತ್ತಾರೆ.

ಈ ವಾಕ್ಯಗಳನ್ನು ಹಾಗೇ ಇಟ್ಟುಕೊಂಡು ಬೇರೆ ಮೇಳಕ್ಕೆ ಹೋಗಬೇಡಿ. ಮೇ ತಿಂಗಳಿನಲ್ಲಿ ಸಾಗರದಲ್ಲಿ ಸ್ಟಾಲ್ ಹಾಕಿದರೆ ‘ಕೊನೆ’ ಅನ್ನುವ ಮಾತಿಗೆ ಯಾರೂ ತಿರುಗಿ ನೋಡುವುದಿಲ್ಲ. ಆಗ ಎಲ್ಲರ ತಲೆಯಲ್ಲಿ ಇರುವುದು ಮಳೆ. “ಔಷಧಿ ಹೊಡೆಯೋರು ಸಿಕ್ರಾ?” ಅಂತ ಶುರು ಮಾಡಬೇಕು. ಎರಡನೆಯ ವಾಕ್ಯದಲ್ಲಿ ‘ಕೊನೆ ತೆಗೆದು’ ಇದ್ದ ಜಾಗಕ್ಕೆ ‘ಔಷಧಿ ಹೊಡೆದು’ ಬಂದರೆ ಆಯಿತು.

ಮೂರನೇ ದಿನ ಸಂಜೆ, ಸ್ಟಾಲ್ ಬಿಚ್ಚುವ ಹೊತ್ತಿಗೆ, ಬೆಳಿಗ್ಗೆ ಮಾತಾಡಿ ಹೋಗಿದ್ದ ಹೊಸನಗರ ಕಡೆಯವರೊಬ್ಬರು ತಮ್ಮ ನೆರೆಮನೆಯವರನ್ನು ಕರೆದುಕೊಂಡು ಬಂದರು. ನಾನು ಬಾಯಿ ಬಿಡುವ ಮೊದಲೇ ಅವರೇ ಹೇಳಿದರು: “ಇವ್ರೇ ತೋಟಕ್ಕೆ ಬಂದು, ನೆಲದಲ್ಲಿ ನಿಂತೇ ಕೊನೆ ತೆಗೆದು ಕೊಡ್ತಾರಂತೆ. ಸ್ವಲ್ಪ ಕಾಯಿ ಸಿಡಿಯುತ್ತಂತೆ, ಹೆಕ್ಕೋಕೆ ಒಬ್ರು ಬೇಕು.” ನಮ್ಮ ವಾಕ್ಯ ಹೆಚ್ಚುಕಮ್ಮಿ ಹಾಗೇ ಅವರ ಬಾಯಲ್ಲಿತ್ತು. ನಾನು ಮೂರನೆಯದನ್ನು ಮಾತ್ರ ಕೇಳಿದೆ, “ಎಷ್ಟು ಮರ?”

“ಎಂಟುನೂರು. ಆದ್ರೆ ಅಜ್ಜನ ಕಾಲದ್ದು, ಎಪ್ಪತ್ತು ಅಡಿ ಮೇಲಿದೆ” ಅಂದರು ನೆರೆಮನೆಯವರು.

ಭಾವ ನೋಟ್‌ಬುಕ್ಕಿನಲ್ಲಿ ಅವರ ಊರಿನ ಮುಂದೆ ‘ಎತ್ತರ, ಆಗಲ್ಲ’ ಅಂತ ಬರೆದ. ಕೆಳಗಿನ ಸಾಲಿನಲ್ಲಿ ಕರೆದುಕೊಂಡು ಬಂದವರ ಹೆಸರು, ಡಿಸೆಂಬರ್ ಎರಡನೇ ವಾರ.